ರೆಸ್ಯೂಮೆ ತೆರೆಯುವ ಮೊದಲೇ ಹೆಸರು ಬಿಟ್ಟುಹೋಗುವ ಮೂರು ಖಾನೆಗಳು

ಪ್ರಶ್ನೆ: ಏಳು ವರ್ಷಗಳಿಂದ ಜಾವಾ ಡೆವಲಪರ್ ಆಗಿದ್ದೇನೆ. ಈಗ ಹುಬ್ಬಳ್ಳಿಯ ಮನೆಯಿಂದಲೇ ಕೆಲಸ. ಬೆಂಗಳೂರಿಗೆ ಬರಲು ಸಿದ್ಧಳಿದ್ದೇನೆ. ಎರಡು ತಿಂಗಳಲ್ಲಿ ಅರವತ್ತಕ್ಕೂ ಹೆಚ್ಚು ಕಡೆ ಅರ್ಜಿ ಹಾಕಿದೆ, ಬಂದದ್ದು ಎರಡೇ ಕರೆ. ಕೆಲವು ಕಡೆಯಿಂದ ಹತ್ತೇ ನಿಮಿಷದಲ್ಲಿ ನಿರಾಕರಣೆಯ ಮೇಲ್ ಬಂತು. ನೋಟಿಸ್ ಪೀರಿಯಡ್ 90 ದಿನ, ನಿರೀಕ್ಷೆ 28 ಲಕ್ಷ. ಪ್ರೊಫೈಲಿನ ಸ್ಕ್ರೀನ್‌ಶಾಟ್, ನೇಮಕಾತಿ ಪತ್ರ, ಸಂಬಳದ ವಿವರ ಎಲ್ಲವನ್ನೂ ಕಳಿಸಿದ್ದೇನೆ. ರೆಸ್ಯೂಮೆಯಲ್ಲಿ ಏನು ತಿದ್ದಬೇಕು, ಸರ್?

ಉತ್ತರ: ರೆಸ್ಯೂಮೆಯನ್ನು ಸದ್ಯಕ್ಕೆ ಹಾಗೆಯೇ ಬಿಡಿ. ಹತ್ತು ನಿಮಿಷದಲ್ಲಿ ಬಂದ ನಿರಾಕರಣೆ ಯಾರೋ ಓದಿ ಕಳಿಸಿದ್ದಲ್ಲ. ಅಷ್ಟು ಬೇಗ ಸಾಮಾನ್ಯವಾಗಿ ಯಾರೂ ಓದುವುದಿಲ್ಲ. ಅರ್ಜಿಯ ಫಾರ್ಮಿನಲ್ಲಿ ನೀವು ತುಂಬಿದ ಯಾವುದೋ ಒಂದು ಉತ್ತರ, ಕಂಪನಿಯವರು ಮೊದಲೇ ಹಾಕಿಟ್ಟ ಮಿತಿಯಿಂದ ಹೊರಗೆ ಬಿದ್ದಿದೆ, ಮೇಲ್ ತಾನಾಗಿಯೇ ಹೊರಟಿದೆ. ಉಳಿದ ಕಡೆಗಳ ಮೌನಕ್ಕೂ ಬಹುತೇಕ ಇದೇ ಜಾತಿಯ ಕಾರಣವಿದೆ ಎಂದು ನಿಮ್ಮ ಸ್ಕ್ರೀನ್‌ಶಾಟ್ ನೋಡಿದ ಮೇಲೆ ನನಗೆ ಅನ್ನಿಸುತ್ತದೆ.

ಹೆಸರು ಎರಡು ಕಡೆ ಬಿಟ್ಟುಹೋಗಬಹುದು. ಮೊದಲನೆಯದು ನೀವು ಹಾಕುವ ಅರ್ಜಿ. ಅಲ್ಲಿ ‘ಎಷ್ಟು ದಿನದಲ್ಲಿ ಸೇರಬಲ್ಲಿರಿ’, ‘ವಾರಕ್ಕೆ ಮೂರು ದಿನ ಕಚೇರಿಗೆ ಬರಬಲ್ಲಿರಾ’, ‘ನಿರೀಕ್ಷಿತ ಸಂಬಳವೆಷ್ಟು’ ಎಂಬ ಪ್ರಶ್ನೆಗಳಿರುತ್ತವೆ, ಮತ್ತು ಇಂಥ ಉತ್ತರ ಬಂದರೆ ಅರ್ಜಿಯನ್ನು ಪಕ್ಕಕ್ಕಿಡು ಎಂಬ ಸೂಚನೆ ಅವುಗಳ ಹಿಂದೆ ಇರಬಹುದು. ಎರಡನೆಯದು ನಿಮಗೆ ಕಾಣದೇ ನಡೆಯುವ ಹುಡುಕಾಟ. ನೌಕ್ರಿಯಂಥ ಜಾಲತಾಣಗಳಲ್ಲಿ ರಿಕ್ರೂಟರ್‌ಗಳಿಗೆ ಬೇರೆಯೇ ಪ್ರವೇಶದ್ವಾರವಿದೆ. ಅವರು ಜಾಹೀರಾತಿಗೆ ಬಂದ ಅರ್ಜಿಗಳನ್ನು ಕಾಯುತ್ತ ಕೂರುವುದಕ್ಕಿಂತ ಹೆಚ್ಚಾಗಿ ಅಲ್ಲಿರುವ ಪ್ರೊಫೈಲುಗಳ ರಾಶಿಯನ್ನು ಜರಡಿ ಹಿಡಿಯುತ್ತಾರೆ. ಕೌಶಲ, ಅನುಭವದ ವರ್ಷ, ಊರು, ವಾರ್ಷಿಕ ಸಂಬಳ, ನೋಟಿಸ್ ಪೀರಿಯಡ್ ಇವು ಆ ಜರಡಿಯ ಕಣ್ಣುಗಳು. ಕೌಶಲದ ಪದಗಳನ್ನು ರೆಸ್ಯೂಮೆಯಲ್ಲೂ ಹುಡುಕಬಹುದು, ಆದರೆ ಊರು, ಸಂಬಳ, ನೋಟಿಸ್ ಪೀರಿಯಡ್ ಎಂಬ ಕಣ್ಣುಗಳು ಓದುವುದು ನೀವು ಅಪ್‌ಲೋಡ್ ಮಾಡಿದ ಪಿಡಿಎಫ್ ಅನ್ನಲ್ಲ, ಪ್ರೊಫೈಲಿನಲ್ಲಿ ಎಂದೋ ತುಂಬಿಟ್ಟ ಖಾನೆಗಳನ್ನು. ರೆಸ್ಯೂಮೆಯ ತಲೆಯಲ್ಲಿ ‘ಬೆಂಗಳೂರಿಗೆ ಬರಲು ಸಿದ್ಧ’ ಎಂದು ಎಷ್ಟು ದಪ್ಪ ಅಕ್ಷರದಲ್ಲಿ ಬರೆದರೂ ಖಾನೆಯಲ್ಲಿ ಹುಬ್ಬಳ್ಳಿಯಷ್ಟೇ ಇದ್ದರೆ ಆ ರೆಸ್ಯೂಮೆ ತೆರೆಯುವ ಪ್ರಸಂಗವೇ ಬರುವುದಿಲ್ಲ.

ನಿಮ್ಮಂಥವರಿಗಾಗಿ ಹುಡುಕುವ ರಿಕ್ರೂಟರ್ ಒಬ್ಬರ ಪರದೆಯನ್ನು ಕಲ್ಪಿಸಿಕೊಳ್ಳಿ. ಇಲ್ಲಿನ ಅಂಕಿಗಳು ಉದಾಹರಣೆಗೆ ಮಾತ್ರ. ಜಾವಾ, ಸ್ಪ್ರಿಂಗ್ ಬೂಟ್, 5ರಿಂದ 8 ವರ್ಷ ಎಂದು ಹಾಕಿದಾಗ 2,400 ಹೆಸರು ಬಂದವು ಎನ್ನೋಣ. ಊರಿನ ಖಾನೆಯಲ್ಲಿ ಬೆಂಗಳೂರು ಎಂದಾಗ ಅದು 1,100ಕ್ಕೆ ಇಳಿಯಿತು. ಸಂಬಳ 10ರಿಂದ 18 ಲಕ್ಷ ಎಂದಾಗ 600. ನೋಟಿಸ್ ಪೀರಿಯಡ್ ಒಂದು ತಿಂಗಳೊಳಗೆ ಎಂದು ಗುರುತು ಹಾಕಿದ ಕೂಡಲೇ 80. ದಿನಕ್ಕೆ ನಲವತ್ತು ಐವತ್ತು ಜನರಿಗೆ ಕರೆ ಮಾಡಬಲ್ಲ ಮನುಷ್ಯನಿಗೆ 80 ಎಂಬುದು ಹಿತವಾದ ಸಂಖ್ಯೆ, ಹಾಗಾಗಿ ಆತ ಅಲ್ಲಿಗೇ ನಿಲ್ಲಿಸಿ ಫೋನ್ ಎತ್ತುತ್ತಾನೆ. ಬಿಟ್ಟುಹೋದ 2,320 ಜನರಲ್ಲಿ ಅವನಿಗೆ ಬೇಕಾದ ಮನುಷ್ಯರು ಇದ್ದಿರಬಹುದೆಂಬುದು ಅವನಿಗೂ ಗೊತ್ತು. ಆದರೆ ಅವರನ್ನು ಓದಲು ಅವನಿಗೆ ಯಾವ ಒತ್ತಾಯವೂ ಇಲ್ಲ.

ನೋಟಿಸ್ ಪೀರಿಯಡ್, ಊರು, ಸಂಬಳ ಎಂಬ ಈ ಮೂರು ಖಾನೆಗಳಲ್ಲಿ ಅತ್ಯಂತ ಕಠಿಣವಾದದ್ದು ಮೊದಲನೆಯದು, ಆದ್ದರಿಂದ ಅದರ ಬಗ್ಗೆ ತುಸು ವಿಸ್ತಾರವಾಗಿ ಬರೆಯುತ್ತೇನೆ. ಕಂಪನಿಗಳು ತಮ್ಮ ನೌಕರರಿಗೆ 90 ದಿನ ಹಾಕುತ್ತವೆ, ಹೊಸಬರು ಮಾತ್ರ 30 ದಿನದಲ್ಲಿ ಬರಬೇಕೆನ್ನುತ್ತವೆ. ಈ ದ್ವಂದ್ವವನ್ನು ಎಲ್ಲರೂ ಬೈಯುತ್ತಾರೆ, ನಾನೂ ಬೈದಿದ್ದೇನೆ. ಆದರೂ ಅದರ ಹಿಂದೆ ಒಂದು ಲೆಕ್ಕಾಚಾರವಿದೆ. ಸೇವಾ ಕಂಪನಿಯಲ್ಲಿ ಗ್ರಾಹಕರು ಒಂದು ಹುದ್ದೆಗೆ ಹಣ ಕೊಡಲು ಆರಂಭಿಸುವ ದಿನಾಂಕ ಮೊದಲೇ ನಿಗದಿಯಾಗಿರುತ್ತದೆ. ಆ ದಿನಕ್ಕೆ ಜನ ಇಲ್ಲದಿದ್ದರೆ ಆದಾಯವೇ ಇಲ್ಲ. ಅದಕ್ಕಿಂತ ದೊಡ್ಡ ಭಯವೆಂದರೆ ಆಫರ್ ಪಡೆದವರು ಕೈಕೊಡುವುದು. 90 ದಿನ ಕಾಯುವ ಅಭ್ಯರ್ಥಿ ಆಫರ್ ಪಡೆದ ಮೇಲೂ ಮೂರು ತಿಂಗಳು ಮಾರುಕಟ್ಟೆಯಲ್ಲಿಯೇ ಇರುತ್ತಾನೆ, ರಾಜೀನಾಮೆ ಕೊಟ್ಟ ಕೂಡಲೇ ಅವನ ಪ್ರೊಫೈಲಿಗೆ ಕರೆಗಳು ಇಮ್ಮಡಿಯಾಗುತ್ತವೆ, ಕೊನೆಯ ವಾರದಲ್ಲಿ ಎರಡು ಲಕ್ಷ ಹೆಚ್ಚು ಕೊಡುವ ಇನ್ನೊಬ್ಬರ ಆಫರ್ ಹಿಡಿದು ‘ಕ್ಷಮಿಸಿ ಸರ್’ ಎನ್ನುತ್ತಾನೆ. ಒಮ್ಮೆ ಹೀಗಾದ ಮೇಲೆ ಮ್ಯಾನೇಜರ್ ಮುಂದಿನ ಹುದ್ದೆಗೆ 30 ದಿನದವರನ್ನಷ್ಟೇ ತೋರಿಸಿ ಎನ್ನುತ್ತಾರೆ. ಅಂದರೆ ಆ ಮಿತಿ ನಿಮ್ಮ ಯೋಗ್ಯತೆಯ ಅಳತೆಯಲ್ಲ. ನಿಮಗೂ ಮೊದಲು ಯಾರೋ ಮಾಡಿದ ಗಾಯದ ಗುರುತು.

ಆ ಮಿತಿ ಹಾಕಿದವರಿಗೂ ಅದು ಯಾವಾಗಲೂ ಲಾಭ ತರುವುದಿಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಂಪನಿಯಲ್ಲಿ ಡೇಟಾಬೇಸ್ ಬಲ್ಲ ಹಿರಿಯ ಎಂಜಿನಿಯರ್ ಒಬ್ಬರಿಗಾಗಿ 30 ದಿನದ ಗುರುತು ಹಾಕಿ ಹುಡುಕಾಟ ಆರಂಭಿಸಿದೆ. ಮೂವರಿಗೆ ಆಫರ್ ಕೊಟ್ಟೆವು, ಮೂವರೂ ಬರಲಿಲ್ಲ, ಹುದ್ದೆ ನಾಲ್ಕು ತಿಂಗಳು ಖಾಲಿ ಬಿದ್ದಿತ್ತು. ಕೊನೆಗೆ ಬೇಸತ್ತು ಗುರುತು ತೆಗೆದಾಗ ಸಿಕ್ಕವರು 90 ದಿನದ ಅಭ್ಯರ್ಥಿ. ಅವರ ಪ್ರೊಫೈಲ್ ನಾನು ಹುಡುಕಲು ಕುಳಿತ ಮೊದಲ ದಿನವೂ ಅಲ್ಲಿಯೇ ಇತ್ತು. ಅಂದೇ ಮಾತಾಡಿಸಿದ್ದರೆ ಅವರು ಒಂದು ತಿಂಗಳ ಹಿಂದೆಯೇ ಬಂದು ಕೂತಿರುತ್ತಿದ್ದರು. ಇದನ್ನು ಹೇಳಿದ್ದು ಸಮಾಧಾನಕ್ಕಲ್ಲ. ಬಹಳ ದಿನಗಳಿಂದ ಖಾಲಿ ಇರುವ, ಮತ್ತೆ ಮತ್ತೆ ಜಾಹೀರಾತು ಬರುತ್ತಿರುವ ಹುದ್ದೆಗಳಲ್ಲಿ 90 ದಿನದವರಿಗೆ ಅವಕಾಶ ಹೆಚ್ಚು. ತಮ್ಮ ನೌಕರರಿಗೂ 90 ದಿನವೇ ಇಟ್ಟಿರುವ ದೊಡ್ಡ ಕಂಪನಿಗಳೂ ಕಾಯಲು ಒಪ್ಪುವುದುಂಟು. ಅರ್ಜಿ ಹಾಕುವಾಗ ಇವುಗಳಿಗೆ ಮೊದಲ ಸ್ಥಾನ ಕೊಡಿ.

ಈಗ ನಿಮ್ಮ ನೇಮಕಾತಿ ಪತ್ರಕ್ಕೆ ಬರೋಣ. ನೀವು 90 ದಿನ ಎಂದು ಬರೆದಿದ್ದೀರಿ, ಆದರೆ ಪತ್ರದ ಷರತ್ತಿನಲ್ಲಿ ‘ಯಾವುದೇ ಪಕ್ಷವು 90 ದಿನಗಳ ನೋಟಿಸ್ ನೀಡಿ ಅಥವಾ ಅದರ ಬದಲಿಗೆ ಉಳಿದ ಅವಧಿಯ ಬೇಸಿಕ್ ಸಂಬಳ ಪಾವತಿಸಿ’ ಎಂದಿದೆ. ಇಂಥ ವಾಕ್ಯದಲ್ಲಿ ಎರಡು ಸಂಗತಿಗಳನ್ನು ಬೆರಳಿಟ್ಟು ಓದಬೇಕು. ಹಣ ಕಟ್ಟಿ ಬೇಗ ಹೊರಡುವ ಆಯ್ಕೆ ನೌಕರರಿಗೂ ಇದೆಯೇ, ಅಥವಾ ‘ಕಂಪನಿಯ ವಿವೇಚನೆಗೆ ಒಳಪಟ್ಟು’ ಎಂಬ ಬಾಲ ಅಂಟಿದೆಯೇ ಎಂಬುದು ಒಂದು. ಕಟ್ಟಬೇಕಾದದ್ದು ಬೇಸಿಕ್ ಮೇಲೋ ಪೂರ್ತಿ ಸಂಬಳದ ಮೇಲೋ ಎಂಬುದು ಇನ್ನೊಂದು. ನಿಮ್ಮ ಷರತ್ತಿನಲ್ಲಿ ಬಾಲವಿಲ್ಲ, ಲೆಕ್ಕ ಬೇಸಿಕ್ ಮೇಲೆ. ನಿಮ್ಮ ಬೇಸಿಕ್ ತಿಂಗಳಿಗೆ 60,000 ರೂಪಾಯಿ. 45 ದಿನ ಕೆಲಸ ಮಾಡಿ ಉಳಿದ 45 ದಿನಕ್ಕೆ ಹಣ ಕಟ್ಟುವುದಾದರೆ ಒಂದೂವರೆ ತಿಂಗಳ ಬೇಸಿಕ್, ಅಂದರೆ 90,000 ರೂಪಾಯಿ. ತಿಂಗಳ ಪೂರ್ತಿ ಸಂಬಳ 1,20,000ದ ಮೇಲೆ ಲೆಕ್ಕ ಹಾಕುವ ಷರತ್ತಾಗಿದ್ದರೆ ಇದೇ 1,80,000 ಆಗುತ್ತಿತ್ತು. ಈ ಹಣವನ್ನು ಹೊಸ ಕಂಪನಿ ಕೊಡುವುದೂ ಉಂಟು. ರಶೀದಿ ತೋರಿಸಿದ ಮೇಲೆ ಅಥವಾ ಜಾಯಿನಿಂಗ್ ಬೋನಸ್ ರೂಪದಲ್ಲಿ ಕೊಡುತ್ತಾರೆ, ನಿರ್ದಿಷ್ಟ ಅವಧಿಯೊಳಗೆ ಕೆಲಸ ಬಿಟ್ಟರೆ ಮರಳಿಸಬೇಕೆಂಬ ಷರತ್ತು ಅದರ ಜೊತೆಗೇ ಬರುತ್ತದೆ. ಉಳಿದಿರುವ ರಜೆಯನ್ನು ನೋಟಿಸ್ ಅವಧಿಗೆ ಹೊಂದಿಸುತ್ತಾರೆಯೇ ಎಂಬುದನ್ನು ಕಂಪನಿಯ ನಿಯಮಗಳಲ್ಲಿ ನೋಡಿ.

ಕಾಗದದಲ್ಲಿ ಇರುವುದು ಬೇರೆ, ನಡೆಯುವುದು ಬೇರೆ. ಕಳೆದ ಒಂದು ವರ್ಷದಲ್ಲಿ ನಿಮ್ಮ ತಂಡದಿಂದ ಹೊರಟ ಮೂರು ನಾಲ್ಕು ಜನರನ್ನು ಕೇಳಿ, ರಾಜೀನಾಮೆ ಕೊಟ್ಟ ದಿನದಿಂದ ಕೊನೆಯ ದಿನದವರೆಗೆ ನಿಜವಾಗಿ ಎಷ್ಟು ದಿನವಾಯಿತೆಂದು. ಅವರೆಲ್ಲ 40ರಿಂದ 60 ದಿನದಲ್ಲಿ ಬಿಡುಗಡೆಯಾಗಿದ್ದರೆ ನೀವು ಖಾನೆಯಲ್ಲಿ ‘3 ತಿಂಗಳು’ ಎಂದು ಹಾಕಿಟ್ಟಿರುವುದು ಪ್ರಾಮಾಣಿಕತೆಯೂ ಅಲ್ಲ, ಅತಿ ಎಚ್ಚರಿಕೆ. ಷರತ್ತು ನಿಮಗೆ ಹಕ್ಕು ಕೊಟ್ಟಿದೆ, ಅನುಭವ ಅದನ್ನು ದೃಢಪಡಿಸುತ್ತದೆ ಎಂದಾದರೆ ‘2 ತಿಂಗಳು’ ಆಯ್ಕೆ ಮಾಡಿ, ಪ್ರೊಫೈಲಿನ ತಲೆಬರಹದಲ್ಲಿ ‘ಒಪ್ಪಂದದ ಪ್ರಕಾರ 90 ದಿನ, ಹಣ ಕಟ್ಟಿ 45 ದಿನದಲ್ಲಿ ಸೇರಬಲ್ಲೆ’ ಎಂದು ಸೇರಿಸಿ. ಆಗ ಕರೆ ಮಾಡಿದವರು ಮೋಸವಾಯಿತು ಎನ್ನಲಾರರು. ಇದರಿಂದ ನೀವು ಒಂದು ತಿಂಗಳ ಜರಡಿಯೊಳಗೆ ಬರುವುದಿಲ್ಲ ಎಂಬುದು ನಿಜ. ಆದರೆ ಎರಡು ತಿಂಗಳವರೆಗೆ ಗುರುತು ಹಾಕುವವರೂ ಸಾಕಷ್ಟು ಜನ ಇದ್ದಾರೆ, ಅವರಿಗೆ ಇಂದು ನೀವು ಕಾಣುತ್ತಲೇ ಇಲ್ಲ.

ಕೆಲವರು ಇಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘15 ದಿನದೊಳಗೆ’ ಎಂದು ಹಾಕಿಬಿಡುತ್ತಾರೆ. ಕರೆಗಳ ಮಳೆಯೇ ಸುರಿಯುತ್ತದೆ, ಎರಡನೇ ಸುತ್ತಿನ ಹೊತ್ತಿಗೆ ರಿಕ್ರೂಟರ್ ರಾಜೀನಾಮೆ ಅಂಗೀಕಾರದ ಮೇಲ್ ಕೇಳುತ್ತಾರೆ, ಅಲ್ಲಿಗೆ ಮುಗಿಯಿತು. ಸುಳ್ಳು ಹೇಳಿದ ಅಭ್ಯರ್ಥಿ ಎಂಬ ಟಿಪ್ಪಣಿ ಆ ಕಂಪನಿಯ ದಾಖಲೆಯಲ್ಲಿ ಉಳಿದುಬಿಡುತ್ತದೆ. ಕೈಯಲ್ಲಿ ಆಫರ್ ಇಲ್ಲದೆ ರಾಜೀನಾಮೆ ಕೊಟ್ಟು ‘ನೋಟಿಸ್ ಅವಧಿಯಲ್ಲಿದ್ದೇನೆ’ ಎಂಬ ಆಯ್ಕೆಗೆ ಅರ್ಹರಾಗುವ ದಾರಿಯೂ ಇದೆ. ಜರಡಿಯ ಮಟ್ಟಿಗೆ ಅದು ಖಂಡಿತ ಕೆಲಸ ಮಾಡುತ್ತದೆ, ಆದರೆ ಕೊನೆಯ ದಿನಾಂಕ ಹತ್ತಿರವಾದಂತೆ ಸಂಬಳದ ಮಾತುಕತೆಯಲ್ಲಿ ನಿಮ್ಮ ಧ್ವನಿ ಸಣ್ಣದಾಗುತ್ತದೆ. ನಿಮ್ಮ ಷರತ್ತು ಇಷ್ಟು ಅನುಕೂಲವಾಗಿರುವಾಗ ಆ ಸಾಹಸದ ಅಗತ್ಯ ನನಗೆ ಕಾಣುವುದಿಲ್ಲ.

ಊರಿನ ಖಾನೆಯ ವಿಚಾರ ಬೇಗ ಮುಗಿಯುತ್ತದೆ. ನಿಮ್ಮ ಪ್ರೊಫೈಲಿನಲ್ಲಿ ಸದ್ಯದ ಊರು ಹುಬ್ಬಳ್ಳಿ, ಇಷ್ಟದ ಊರುಗಳ ಸಾಲಿನಲ್ಲಿ ‘ಹುಬ್ಬಳ್ಳಿ, ರಿಮೋಟ್’ ಎಂದಿದೆ. ಬೆಂಗಳೂರು ಎಲ್ಲಿಯೂ ಇಲ್ಲ. ಮನೆಯಿಂದ ಕೆಲಸ ಮಾಡುವ ಕಾಲದಲ್ಲಿ ತುಂಬಿದ್ದು ಹಾಗೆಯೇ ಉಳಿದಿದೆ ಎಂದು ಕಾಣುತ್ತದೆ. ರಿಕ್ರೂಟರ್ ಬೆಂಗಳೂರು ಎಂದು ಹುಡುಕುವಾಗ, ಸದ್ಯ ಅಲ್ಲಿರುವವರ ಜೊತೆಗೆ ಅಲ್ಲಿಗೆ ಬರಲು ಇಚ್ಛಿಸುವವರನ್ನೂ ಸೇರಿಸಬೇಕೇ ಎಂದು ಆರಿಸಿಕೊಳ್ಳಬಹುದು. ಸೇರಿಸಿದಾಗಲೂ ನೀವು ಬರುವುದಿಲ್ಲ, ಏಕೆಂದರೆ ನೀವು ಇಚ್ಛೆಯನ್ನೇ ತಿಳಿಸಿಲ್ಲ. ಇಷ್ಟದ ಊರುಗಳಲ್ಲಿ ಬೆಂಗಳೂರನ್ನು ಮೊದಲು ಹಾಕಿ. ಸದ್ಯದ ಊರನ್ನು ಮಾತ್ರ ಸುಳ್ಳಾಗಿ ಬದಲಿಸಬೇಡಿ. ‘ನಾಳೆ ಹನ್ನೊಂದಕ್ಕೆ ಕಚೇರಿಗೆ ಬನ್ನಿ’ ಎಂಬ ಕರೆ ಬಂದ ದಿನ ಮುಜುಗರವಾಗುತ್ತದೆ. ಹಾಗೆಯೇ ಎಲ್ಲಿಯಾದರೂ ಸರಿ ಎಂದು ಹತ್ತು ಊರು ತುಂಬುವುದೂ ಬೇಡ. ಎಲ್ಲ ಊರನ್ನೂ ಹಾಕಿದವರು ಕೊನೆಗೆ ಯಾವ ಊರಿಗೂ ಬರುವುದಿಲ್ಲ ಎಂಬ ಅನುಮಾನ ನಮ್ಮ ವೃತ್ತಿಯಲ್ಲಿ ಬಲವಾಗಿದೆ. ಅರ್ಜಿಯ ಫಾರ್ಮಿನಲ್ಲಿ ಕಚೇರಿಗೆ ಬರುವ ಪ್ರಶ್ನೆ ಹೌದು ಅಥವಾ ಇಲ್ಲ ಎಂದಷ್ಟೇ ಇದ್ದಾಗ, ‘ಈಗ ಹುಬ್ಬಳ್ಳಿಯಲ್ಲಿದ್ದೇನಲ್ಲ’ ಎಂದು ಯೋಚಿಸಿ ‘ಇಲ್ಲ’ ಒತ್ತಬೇಡಿ. ಅವರು ಕೇಳುತ್ತಿರುವುದು ಕೆಲಸಕ್ಕೆ ಸೇರಿದ ಮೇಲಿನ ಮಾತು. ಹತ್ತು ನಿಮಿಷದ ಮೇಲ್‌ಗಳಲ್ಲಿ ಕೆಲವು ಇದರಿಂದಲೇ ಬಂದಿರಬಹುದು.

ಸಂಬಳದ ಖಾನೆಯಲ್ಲಿ ಇರುವುದು ಒಂದಲ್ಲ, ಎರಡು ಸಂಖ್ಯೆ, ಮತ್ತು ಅವು ಬೇರೆ ಬೇರೆ ಕಡೆ ಕೆಲಸ ಮಾಡುತ್ತವೆ. ಪ್ರೊಫೈಲುಗಳ ಹುಡುಕಾಟದಲ್ಲಿ ಸಾಮಾನ್ಯವಾಗಿ ಬಳಕೆಯಾಗುವುದು ನಿಮ್ಮ ಈಗಿನ ಸಂಬಳ. ಅರ್ಜಿಯ ಫಾರ್ಮಿನಲ್ಲಿ ತಡೆಯುವುದು ನಿರೀಕ್ಷಿತ ಸಂಬಳ. ಈಗಿನ ಸಂಬಳವನ್ನು ಹಿಗ್ಗಿಸಿ ತೋರಿಸಿದರೆ ಬೆಲೆ ಏರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಆದರೆ ಜರಡಿಗೆ ಮೇಲಿನ ಮಿತಿಯೂ ಇರುವುದರಿಂದ ಹಿಗ್ಗಿದ ಸಂಖ್ಯೆ ಸಲೀಸಾಗಿ ಹೊರಗೆ ಬೀಳುತ್ತದೆ.

ನೀವು 19.5 ಲಕ್ಷ ಎಂದು ತುಂಬಿದ್ದೀರಿ. ನೀವು ಕಳಿಸಿದ ವಿವರವನ್ನು ನಾನು ಬಿಡಿಸಿ ನೋಡಿದೆ. ತಿಂಗಳಿಗೆ 1,20,000ದಂತೆ ವರ್ಷಕ್ಕೆ 14.4 ಲಕ್ಷ. ಕಂಪನಿ ಕಟ್ಟುವ ಪಿಎಫ್ ಬೇಸಿಕ್‌ನ 12 ಪ್ರತಿಶತದಂತೆ 86,400. ಗ್ರಾಚ್ಯುಟಿ 4.81 ಪ್ರತಿಶತದ ಲೆಕ್ಕದಲ್ಲಿ ಸುಮಾರು 34,600. ವೇರಿಯಬಲ್ 1.8 ಲಕ್ಷ. ಇಷ್ಟಾದರೆ 17.4 ಲಕ್ಷ. ಉಳಿದದ್ದು, ನೀವು ಬಿಟ್ಟುಹೋಗದಿರಲೆಂದು ಕಳೆದ ವರ್ಷ ಒಂದೇ ಸಲ ಕೊಟ್ಟ 2 ಲಕ್ಷದ ಬೋನಸ್ ಮತ್ತು ವಿಮೆಯ ಕಂತು. ಮುಂದಿನ ವರ್ಷ ಬಾರದ ಹಣವನ್ನು ವಾರ್ಷಿಕ ಸಂಬಳ ಎಂದು ಬರೆಯುವುದರಲ್ಲಿ ಅರ್ಥವಿಲ್ಲ. ಮೇಲೆ ಹೇಳಿದ ಉದಾಹರಣೆಯಲ್ಲಿ ಮಿತಿ 18 ಲಕ್ಷವಿತ್ತು: 17.4 ಒಳಗೆ, 19.5 ಹೊರಗೆ. ಖಾನೆಯಲ್ಲಿ 17.4 ಎಂದು ಬದಲಿಸಿ. ಮಾತುಕತೆಯ ಹೊತ್ತಿನಲ್ಲಿ ಬೋನಸ್ ವಿಷಯವನ್ನು ಬೇರೆಯಾಗಿ ಹೇಳಿ, ಅಲ್ಲಿ ಅದಕ್ಕೆ ಬೆಲೆ ಇದೆ.

ನಿರೀಕ್ಷೆಯ 28 ಲಕ್ಷ ಎಲ್ಲಿಂದ ಬಂತು ಎಂದು ನಾನು ಕೇಳಿದಾಗ, ಚೌಕಾಸಿ ಮಾಡುತ್ತಾರಲ್ಲ, ಅದಕ್ಕೇ ಮೇಲೆ ಹಾಕಿದೆ ಎಂದು ಉತ್ತರಿಸಿದಿರಿ. 23 ಕೊಟ್ಟರೂ ಒಪ್ಪುವಿರಿ ಎಂದೂ ಬರೆದಿರಿ. ಚೌಕಾಸಿ ಮಾಡಲು ಎದುರಿಗೆ ಮನುಷ್ಯರಿರಬೇಕು. ಫಾರ್ಮಿನ ಖಾನೆಯ ಹಿಂದೆ ಯಾರೂ ಇಲ್ಲ. ಹುದ್ದೆಯ ಬಜೆಟ್ 24 ಲಕ್ಷ, ತಡೆ 25ಕ್ಕೆ ಇದೆ ಎಂದರೆ, 23ಕ್ಕೆ ಬರಬಹುದಾದ ನೀವು 28 ಎಂದು ಬರೆದು ಮನೆಗೆ ಹೋದಂತೆ. ಸಂಖ್ಯೆ ಕಡ್ಡಾಯವಾಗಿದ್ದ ಕಡೆ ನೀವು ಒಪ್ಪುವ ಕನಿಷ್ಠಕ್ಕಿಂತ ಸ್ವಲ್ಪವೇ ಮೇಲಿನದನ್ನು, ಅಂದರೆ 23.5 ಅಥವಾ 24ನ್ನು ಬರೆಯಿರಿ. ಪದಗಳಲ್ಲಿ ಬರೆಯಲು ಜಾಗವಿದ್ದರೆ ವೇರಿಯಬಲ್ ಬಿಟ್ಟು ಇಷ್ಟು, ಸೇರಿಸಿ ಇಷ್ಟು ಎಂದು ತಿಳಿಸಿ. ಮೊದಲ ಕರೆ ಬಂದ ಮೇಲೆ ಬಜೆಟ್ ಎಷ್ಟೆಂದು ನೀವೇ ಕೇಳಬಹುದು, ಅದರಲ್ಲಿ ಅವಿನಯವೇನೂ ಇಲ್ಲ. ಹೀಗೆ ಮಾಡುವುದರಿಂದ ಒಂದು ನಷ್ಟವಿದೆ, ಮುಚ್ಚಿಡುವುದಿಲ್ಲ: 28 ಕೊಡಲು ಸಿದ್ಧವಿದ್ದ ಕಂಪನಿಯೊಂದು ನಿಮ್ಮ 24ನ್ನು ನೋಡಿ ಅಷ್ಟಕ್ಕೇ ನಿಲ್ಲಬಹುದು. ಅರವತ್ತರಲ್ಲಿ ಎರಡೇ ಕರೆ ಬಂದಿರುವ ಈ ಸ್ಥಿತಿಯಲ್ಲಿ ನಾನಾದರೆ ಆ ನಷ್ಟವನ್ನು ಒಪ್ಪುತ್ತೇನೆ. ವಾರಕ್ಕೆ ಐದು ಕರೆ ಬರುವವರಿಗೆ ಇದೇ ಸಲಹೆ ಕೊಡುತ್ತಿರಲಿಲ್ಲ.

ಸಂಖ್ಯೆಯ ಖಾನೆಯಲ್ಲಿ ಆಗುವ ಇನ್ನೊಂದು ಅವಘಡವನ್ನು ನಾನು ಪದೇ ಪದೇ ನೋಡುತ್ತೇನೆ. ಹೇಳಲು ಇಷ್ಟವಿಲ್ಲದವರು 0 ಅಥವಾ 1 ಎಂದು ಒತ್ತಿ ಮುಂದೆ ಹೋಗುತ್ತಾರೆ. ಜರಡಿಗೆ ಕೆಳಗಿನ ಮಿತಿಯೂ ಇದೆ. 10ರಿಂದ 18 ಎಂದು ಹುಡುಕುವವರಿಗೆ 1 ಲಕ್ಷದವರು ಕಾಣುವುದಿಲ್ಲ. ಲಕ್ಷದ ಖಾನೆಯಲ್ಲಿ ಪೂರ್ತಿ 2400000 ಎಂದು ಬರೆಯುವವರೂ, ವರ್ಷದ ಜಾಗದಲ್ಲಿ ತಿಂಗಳ ಸಂಬಳ ಹಾಕುವವರೂ ಇದ್ದಾರೆ. ಖಾನೆಯ ಪಕ್ಕದಲ್ಲಿ ಬರೆದ ಮಾನವನ್ನು ಒಂದು ಕ್ಷಣ ನೋಡಿ.

ಬದಲಾವಣೆ ಮಾಡಿದ ಮೇಲೆ ಫಲ ಸಿಕ್ಕಿತೇ ಎಂದು ತಿಳಿಯುವುದು ಹೇಗೆ? ನೌಕ್ರಿಯಲ್ಲಿ ನಿಮ್ಮ ಪ್ರೊಫೈಲ್ ಎಷ್ಟು ಹುಡುಕಾಟಗಳಲ್ಲಿ ಕಾಣಿಸಿತು, ರಿಕ್ರೂಟರ್‌ಗಳು ಅದರ ಮೇಲೆ ಎಷ್ಟು ಬಾರಿ ಏನಾದರೂ ಕ್ರಮ ಕೈಗೊಂಡರು ಎಂಬ ಎರಡು ಲೆಕ್ಕಗಳು ಸಿಗುತ್ತವೆ. ಇಂದೇ ಎರಡನ್ನೂ ಬರೆದಿಟ್ಟುಕೊಳ್ಳಿ. ಕಾಣಿಸುವಿಕೆಯೇ ಕಡಿಮೆ ಇದ್ದರೆ ತೊಂದರೆ ಖಾನೆಗಳಲ್ಲಿ ಅಥವಾ ಕೌಶಲದ ಪದಗಳಲ್ಲಿದೆ. ಕಾಣಿಸುವಿಕೆ ಚೆನ್ನಾಗಿದ್ದು ಕ್ರಮ ಮಾತ್ರ ಇಲ್ಲದಿದ್ದರೆ, ಆಗ ರೆಸ್ಯೂಮೆಯ ತಲೆಬರಹ ಮತ್ತು ಮೊದಲ ಅರ್ಧ ಪುಟವನ್ನು ತಿದ್ದುವ ಮಾತು. ಆದರೆ ಪ್ರೊಫೈಲನ್ನು ಮುಟ್ಟಿದ ಮಾತ್ರಕ್ಕೆ ಅದು ಹೊಸದಾಗಿ ತಿದ್ದಿದ್ದೆಂದು ಕೆಲವು ದಿನ ಮೇಲೆ ಬರಬಹುದು, ಆದ್ದರಿಂದ ಮೊದಲ ಮೂರು ನಾಲ್ಕು ದಿನದ ಏರಿಕೆಯನ್ನು ನಂಬದೆ ಎರಡನೇ ವಾರದ ಲೆಕ್ಕವನ್ನು ನೋಡಿ.

ಕೊನೆಯದಾಗಿ, ನೀವು ಈಗಾಗಲೇ ಅರ್ಜಿ ಹಾಕಿದ ಅರವತ್ತು ಕಂಪನಿಗಳ ವಿಚಾರ. ಅಲ್ಲಿನ ದಾಖಲೆಯಲ್ಲಿ ‘90 ದಿನ, 28 ಲಕ್ಷ’ ಎಂಬ ಹಳೆಯ ಉತ್ತರಗಳು ನಿಮ್ಮ ಮೇಲ್ ವಿಳಾಸಕ್ಕೆ ಅಂಟಿಕೊಂಡು ಕೂತಿವೆ, ಮತ್ತು ಅದೇ ವಿಳಾಸದಿಂದ ಹೊಸ ಹುದ್ದೆಗೆ ಅರ್ಜಿ ಹಾಕಿದಾಗ ಕೆಲವು ವ್ಯವಸ್ಥೆಗಳು ಅವನ್ನೇ ಮತ್ತೆ ತುಂಬಿಕೊಡುತ್ತವೆ. ಬೇರೆ ಮೇಲ್ ವಿಳಾಸದಿಂದ ಹಾಕಿದರೆ ಎರಡು ದಾಖಲೆಗಳಾಗಿ ಗೊಂದಲ ಹೆಚ್ಚುತ್ತದೆ. ಲಾಗಿನ್ ಇರುವ ಕಡೆ ಒಳಗೆ ಹೋಗಿ ಮೂರು ಖಾನೆಗಳನ್ನೂ ತಿದ್ದಿ, ಇಲ್ಲದ ಕಡೆ, ನಿಮಗೆ ನಿಜವಾಗಿ ಬೇಕಾದ ಐದಾರು ಕಂಪನಿಗಳನ್ನು ಆರಿಸಿ, ಒಳಗಿರುವ ಪರಿಚಿತರ ಮೂಲಕ ರಿಕ್ರೂಟರ್‌ಗೆ ಮೇಲ್ ಕಳಿಸಿ, ಅದರ ಮೊದಲ ಸಾಲಿನಲ್ಲೇ ಹೀಗೆ ಬರೆಯಿರಿ: ‘ಜಾವಾ, ಏಳು ವರ್ಷ, 45 ದಿನದಲ್ಲಿ ಸೇರಬಲ್ಲೆ, ಬೆಂಗಳೂರಿನ ಕಚೇರಿಗೆ ಬರಲು ಸಿದ್ಧ, ನಿರೀಕ್ಷೆ 24 ಲಕ್ಷ, ಹಿಂದಿನ ಅರ್ಜಿಯಲ್ಲಿದ್ದ ವಿವರಗಳು ಬದಲಾಗಿವೆ.’